ಸಂದರ್ಶನದ ಪಾಠವನ್ನು ಲಿಂಕ್ಡ್‌ಇನ್ ಕ್ಯಾರೊಸೆಲ್ ಮಾಡುವುದು ಹೇಗೆ: ಮೊದಲ ಪುಟ ನಂಬುವಂತಿರಲಿ

ಲಿಂಕ್ಡ್‌ಇನ್‌ನಲ್ಲಿ ಸಂದರ್ಶನದ ಪಾಠ ಹೇಳುವ ಕ್ಯಾರೊಸೆಲ್‌ಗಳಿಗೆ ಬರವಿಲ್ಲ. ಮೊದಲ ಪುಟದಲ್ಲಿ ದಪ್ಪ ಅಕ್ಷರದಲ್ಲಿ "ಐವತ್ತು ಸಂದರ್ಶನಗಳಲ್ಲಿ ಸೋತೆ, ಕೊನೆಗೂ ಗೆದ್ದೆ. ಕಲಿತ ಏಳು ಪಾಠಗಳು" ಎಂದಿರುತ್ತದೆ. ಬೆರಳಿನಿಂದ ಸರಿಸಿ ಒಳಗೆ ಹೋದರೆ "ಆತ್ಮವಿಶ್ವಾಸ ಇರಲಿ", "ಕಂಪನಿಯ ಬಗ್ಗೆ ಓದಿಕೊಂಡು ಹೋಗಿ" ಎಂಬ ಮಾತುಗಳು. ಯಾವ ಹುದ್ದೆ, ಯಾವ ಸುತ್ತು, ಏನು ಕೇಳಿದರು, ಉತ್ತರ ಎಲ್ಲಿ ತಪ್ಪಿತು ಎಂಬುದು ಕೊನೆಯ ಪುಟದವರೆಗೂ ತಿಳಿಯುವುದಿಲ್ಲ. ಕೆಲಸ ಹುಡುಕುವವರಿಗೆ ಇದರಿಂದ ಏನೂ ಸಿಗುವುದಿಲ್ಲ. ಕೆಲಸ ಕೊಡುವ ಸ್ಥಾನದಲ್ಲಿರುವವರಿಗೂ ಬರೆದವರಿಗೆ ಏನು ಗೊತ್ತಿದೆ ಎಂಬ ಸುಳಿವು ಸಿಗುವುದಿಲ್ಲ.

ಸಂದರ್ಶನದಿಂದ ಬಂದ ಒಂದೇ ಒಂದು ಪಾಠವನ್ನು ಎಂಟು ಪುಟಗಳಲ್ಲಿ, ನಂಬುವಂತಹ ಮೊದಲ ಪುಟದೊಂದಿಗೆ ಹೇಳುವುದು ಹೇಗೆ ಎಂಬುದನ್ನು ಇಲ್ಲಿ ನೋಡೋಣ. ಉದಾಹರಣೆಗೆ ಒಬ್ಬ ಯುವತಿಯನ್ನು ಇಟ್ಟುಕೊಳ್ಳೋಣ: ಬಿ.ಕಾಂ. ಮುಗಿಸಿ, ಹುಬ್ಬಳ್ಳಿಯ ಒಂದು ಲೆಕ್ಕಪತ್ರ ಕಚೇರಿಯಲ್ಲಿ ಎರಡು ವರ್ಷ ದುಡಿದು, ಡೇಟಾಬೇಸ್‌ನಿಂದ ಮಾಹಿತಿ ಕೇಳಿ ಪಡೆಯುವ ಭಾಷೆಯಾದ ಎಸ್‌ಕ್ಯುಎಲ್ ಕಲಿತು, ಈಗ ಬೆಂಗಳೂರಿನಲ್ಲಿ ಡೇಟಾ ಅನಲಿಸ್ಟ್ ಕೆಲಸ ಹುಡುಕುತ್ತಿರುವವಳು. ಒಂದು ಕಂಪನಿಯ ತಾಂತ್ರಿಕ ಸುತ್ತಿನಲ್ಲಿ ಆ ಭಾಷೆಯಲ್ಲಿ ಅವಳು ಬರೆದ ಕ್ವೆರಿ ತಪ್ಪಾಯಿತು. ಆಯ್ಕೆಯೂ ಆಗಲಿಲ್ಲ.

ಮೊದಲು ಟಿಪ್ಪಣಿ, ಆಮೇಲೆ ವಿನ್ಯಾಸ

ಸಂದರ್ಶನ ಮುಗಿದ ದಿನವೇ, ನೆನಪು ಹಸಿಯಾಗಿರುವಾಗ ಮೂರು ವಿಷಯ ಬರೆದಿಡಬೇಕು. ಏನು ಕೇಳಿದರು, ನಾನು ಏನು ಉತ್ತರಿಸಿದೆ, ಸಂದರ್ಶಕರು ಎಲ್ಲಿ ತಡೆದು ಮರುಪ್ರಶ್ನೆ ಹಾಕಿದರು. ಇವುಗಳಲ್ಲಿ ಮೂರನೆಯದಕ್ಕೆ ಬೆಲೆ ಹೆಚ್ಚು, ಏಕೆಂದರೆ ಪಾಠ ಇರುವುದೇ ಆ ಮರುಪ್ರಶ್ನೆಯಲ್ಲಿ. ವಾರ ಕಳೆದರೆ ನಮ್ಮ ಉತ್ತರ ನೆನಪಿನಲ್ಲಿ ತಾನಾಗಿಯೇ ಸುಧಾರಿಸಿಕೊಳ್ಳುತ್ತದೆ, ಅವರ ಪ್ರಶ್ನೆ ಮಸುಕಾಗುತ್ತದೆ.

ನಮ್ಮ ಉದಾಹರಣೆಯಲ್ಲಿ ಪ್ರಶ್ನೆ ಇದು: ಗ್ರಾಹಕರದ್ದೊಂದು ಟೇಬಲ್, ಆರ್ಡರ್‌ಗಳದ್ದೊಂದು ಟೇಬಲ್ ಇವೆ. 2024ರ ಆರಂಭದಿಂದ ಈಚೆಗೆ ಪ್ರತಿಯೊಬ್ಬ ಗ್ರಾಹಕ ಎಷ್ಟು ಆರ್ಡರ್ ಮಾಡಿದ್ದಾನೆ ಎಂಬ ಪಟ್ಟಿ ಬೇಕು. ಒಂದೂ ಆರ್ಡರ್ ಮಾಡದವನ ಮುಂದೆ ಸೊನ್ನೆ ಬರಬೇಕು. ಅವಳು ಬರೆದದ್ದು:

```sql
SELECT c.name, COUNT(o.id)
FROM customers c
LEFT JOIN orders o
  ON o.customer_id = c.id
WHERE o.order_date >= '2024-01-01'
GROUP BY c.id, c.name;
```

ಸಂದರ್ಶಕರು ಕೇಳಿದ್ದು ಒಂದೇ ಮಾತು: "ಆರ್ಡರ್ ಮಾಡದ ಗ್ರಾಹಕ ಈ ಪಟ್ಟಿಯಲ್ಲಿ ಎಲ್ಲಿದ್ದಾನೆ?"

ಈ ಟಿಪ್ಪಣಿ ಕೈಯಲ್ಲಿದ್ದರೆ ಕ್ಯಾರೊಸೆಲ್‌ನ ಅರ್ಧ ಕೆಲಸ ಮುಗಿದಂತೆ. ಅದೇ ಸಂದರ್ಶನದಲ್ಲಿ ಸಂಬಳದ ಮಾತು, ಪರಿಚಯದ ಪ್ರಶ್ನೆ, ಎಕ್ಸೆಲ್ ಬಗ್ಗೆ ಕೇಳಿದ್ದು ಎಲ್ಲವೂ ಇರಬಹುದು. ಅವನ್ನೆಲ್ಲ ಒಂದೇ ಕಡತಕ್ಕೆ ತುಂಬುವ ಆಸೆಯನ್ನು ಬಿಡಬೇಕು. ಯಾವ ಪಾಠ ಆರಿಸಬೇಕು ಎಂಬುದಕ್ಕೆ ನಾನು ಇಡುವ ಪರೀಕ್ಷೆ ಇಷ್ಟೇ: ಆ ಪಾಠವನ್ನು ಬಾಯಲ್ಲಿ ಹೇಳುವ ಬದಲು ಕಣ್ಣಿಗೆ ತೋರಿಸಬಹುದೇ? "ಒತ್ತಡದಲ್ಲಿ ಶಾಂತವಾಗಿರಬೇಕು" ಎಂಬುದನ್ನು ತೋರಿಸಲಾಗುವುದಿಲ್ಲ. ಮೇಲಿನ ಕ್ವೆರಿಯನ್ನು ತೋರಿಸಬಹುದು. ತಾಂತ್ರಿಕವಲ್ಲದ ಹುದ್ದೆಗೂ ಇದೇ ಪರೀಕ್ಷೆ ಸಲ್ಲುತ್ತದೆ. ಮಾರಾಟದ ಹುದ್ದೆಯಾದರೆ ನೀವು ಆಡಿದ ವಾಕ್ಯವನ್ನೂ, ಆಮೇಲೆ ತಿದ್ದಿಕೊಂಡ ವಾಕ್ಯವನ್ನೂ ಅಕ್ಕಪಕ್ಕ ಇಡಬಹುದು.

ಒಳಪುಟಗಳನ್ನು ಬರೆದ ಮೇಲೆಯೇ ಮೊದಲ ಪುಟ

ಮೊದಲ ಪುಟವನ್ನು ಕೊನೆಯಲ್ಲಿ ಬರೆಯಿರಿ. ಮೊದಲೇ ಆಕರ್ಷಕ ಸಾಲೊಂದನ್ನು ಬರೆದುಕೊಂಡರೆ ಅದಕ್ಕೆ ತಕ್ಕಂತೆ ಒಳಗಿನ ಸಂಗತಿಯನ್ನು ಹಿಗ್ಗಿಸಬೇಕಾಗುತ್ತದೆ. ಅಲ್ಲಿಂದಲೇ ಉತ್ಪ್ರೇಕ್ಷೆ ಶುರುವಾಗುವುದು.

ಎರಡನೇ ಪುಟದಲ್ಲಿ ಪ್ರಶ್ನೆ, ಮೂರನೆಯದರಲ್ಲಿ ಅವಳು ಬರೆದ ಕ್ವೆರಿ. ನಾಲ್ಕನೇ ಪುಟದಲ್ಲಿ ಪುಟ್ಟದೊಂದು ಪಟ್ಟಿ. ಇಡೀ ಕ್ಯಾರೊಸೆಲ್‌ನ ಜೀವ ಇರುವುದು ಈ ಪುಟದಲ್ಲಿ, ಹಾಗಾಗಿ ಸ್ವಲ್ಪ ವಿವರವಾಗಿ ನೋಡೋಣ. ನಾಲ್ಕು ಗ್ರಾಹಕರು ಸಾಕು, ಅವರನ್ನು ಅ, ಆ, ಇ, ಈ ಎನ್ನೋಣ. ಅ ಮತ್ತು ಆ ಇಬ್ಬರೂ 2024ರಲ್ಲಿ ಆರ್ಡರ್ ಮಾಡಿದ್ದಾರೆ. ಇ ಎಂಬಾತ ಮಾಡಿದ್ದು 2023ರಲ್ಲಿ ಮಾತ್ರ. ಈ ಎಂಬಾತ ಇದುವರೆಗೆ ಒಂದೂ ಮಾಡಿಲ್ಲ. ನಾಲ್ಕು ಸಾಲು ಬರಬೇಕಿದ್ದ ಕಡೆ ಕ್ವೆರಿ ಎರಡೇ ಸಾಲು ಕೊಡುತ್ತದೆ. ಓದುಗರು ಎರಡು ಸೆಕೆಂಡಿನಲ್ಲಿ ಎಣಿಸಿ ತಪ್ಪನ್ನು ತಾವೇ ಕಂಡುಕೊಳ್ಳುತ್ತಾರೆ. ಹೀಗೆ ಓದುಗರೇ ಪರೀಕ್ಷಿಸಿ ನೋಡಬಹುದಾದ ವಸ್ತು ಒಳಗಿದ್ದರೆ, ಬರೆದವರು ಯಾರು, ಎಷ್ಟು ಅನುಭವಿ ಎಂಬ ಪ್ರಶ್ನೆ ಹಿಂದೆ ಸರಿಯುತ್ತದೆ.

ಐದನೇ ಪುಟ ಕಾರಣ ಹೇಳುತ್ತದೆ. `LEFT JOIN` ನಾಲ್ವರನ್ನೂ ಉಳಿಸಿಕೊಂಡೇ ಬರುತ್ತದೆ. ಆರ್ಡರ್ ಇಲ್ಲದ ಈ ಎಂಬಾತನ ಎದುರು ದಿನಾಂಕದ ಜಾಗದಲ್ಲಿ `NULL`, ಅಂದರೆ ಖಾಲಿ, ಇರುತ್ತದೆ. `WHERE` ಆ ಬಳಿಕ ಬಂದು ದಿನಾಂಕವನ್ನು ಹೋಲಿಸುತ್ತದೆ. `NULL` ಅನ್ನು ಯಾವುದರೊಡನೆ ಹೋಲಿಸಿದರೂ ಉತ್ತರ ಹೌದು ಎಂದಾಗುವುದಿಲ್ಲ, ಆದ್ದರಿಂದ ಆ ಸಾಲು ಬಿದ್ದುಹೋಗುತ್ತದೆ. ಇ ಎಂಬಾತನ ದಿನಾಂಕ 2023 ಆದ್ದರಿಂದ ಅವನೂ ಹೋಗುತ್ತಾನೆ. ಆರನೇ ಪುಟದಲ್ಲಿ ಪರಿಹಾರ: `WHERE` ತೆಗೆದು, ಅದೇ ಷರತ್ತನ್ನು `ON` ಒಳಗೆ ಸೇರಿಸುವುದು.

```sql
LEFT JOIN orders o
  ON o.customer_id = c.id
 AND o.order_date >= '2024-01-01'
```

ಈಗ ನಾಲ್ಕೂ ಸಾಲು ಬರುತ್ತವೆ, ಇ ಮತ್ತು ಈ ಇಬ್ಬರ ಮುಂದೆ ಸೊನ್ನೆ ಕೂರುತ್ತದೆ. ಏಳನೇ ಪುಟಕ್ಕೆ ಒಂದು ಎಚ್ಚರಿಕೆ: ಎಣಿಸುವಾಗ `COUNT(o.id)` ಎಂದೇ ಇರಬೇಕು. `COUNT(*)` ಬರೆದರೆ ಆರ್ಡರ್ ಇಲ್ಲದವನ ಒಂಟಿ ಸಾಲೂ ಲೆಕ್ಕಕ್ಕೆ ಬಂದು, ಸೊನ್ನೆಯ ಜಾಗದಲ್ಲಿ ಒಂದು ಎಂದು ತೋರಿಸುತ್ತದೆ. ಎಂಟನೇ ಪುಟದಲ್ಲಿ ಅವಳು ಯಾರು, ಯಾವ ಹುದ್ದೆ ಹುಡುಕುತ್ತಿದ್ದಾಳೆ, ಯಾವ ಊರಿನಲ್ಲಿ ಎಂಬ ಮೂರು ಸಾಲು. "ಇಷ್ಟವಾದರೆ ಹಂಚಿಕೊಳ್ಳಿ, ಹಿಂಬಾಲಿಸಿ" ಎಂಬ ಮನವಿ ಬೇಡ. ಕೆಲಸ ಹುಡುಕುವವರಿಗೆ ಬೇಕಾದದ್ದು ಸರಿಯಾದ ಒಬ್ಬ ಓದುಗ.

ಎರಡನೇ ಪುಟದ ಬಗ್ಗೆ ಒಂದು ಮಾತು ಹೇಳಲೇಬೇಕು. ಕಂಪನಿ ಕೊಟ್ಟ ಪ್ರಶ್ನೆಯನ್ನು ಇದ್ದಂತೆಯೇ ಹಾಕಬಾರದು. ಕೆಲವು ಕಂಪನಿಗಳು ಪ್ರಶ್ನೆಗಳನ್ನು ಹೊರಗೆ ಹಂಚಬಾರದೆಂದು ಮೊದಲೇ ಒಪ್ಪಿಗೆ ಪಡೆದಿರುತ್ತವೆ. ಮನೆಗೆ ಕೊಟ್ಟು ಮಾಡಿಸುವ ಅಸೈನ್‌ಮೆಂಟ್ ಆಗಿದ್ದರೆ ಇನ್ನೂ ಜಾಗ್ರತೆ ಬೇಕು. ಟೇಬಲ್, ಕಾಲಂಗಳ ಹೆಸರು, ಸಂಖ್ಯೆ, ವ್ಯವಹಾರದ ಹಿನ್ನೆಲೆ ಎಲ್ಲವನ್ನೂ ಬದಲಿಸಿ, ತಪ್ಪಿನ ಸ್ವರೂಪವನ್ನು ಮಾತ್ರ ಉಳಿಸಿಕೊಳ್ಳಿ. ಪುಟದ ಕೆಳಗೆ "ಪ್ರಶ್ನೆಯ ವಿವರಗಳನ್ನು ಬದಲಿಸಿದ್ದೇನೆ" ಎಂದು ಬರೆಯಿರಿ. ಸಂದರ್ಶಕರ ಹೆಸರು, ಅವರ ಇಮೇಲ್‌ನ ಸ್ಕ್ರೀನ್‌ಶಾಟ್ ಯಾವ ಕಾರಣಕ್ಕೂ ಬೇಡ. ಕಂಪನಿಯ ಹೆಸರಿನಿಂದ ಪಾಠಕ್ಕೆ ಏನೂ ಸೇರುವುದಿಲ್ಲ, ಅದನ್ನೂ ಬಿಡಬಹುದು.

ಮೊದಲ ಪುಟ

ಈಗ ಮೊದಲ ಪುಟಕ್ಕೆ ಬರೋಣ. ನಂಬಿಕೆ ಹುಟ್ಟಿಸುವ ಆರಂಭದಲ್ಲಿ ನಾಲ್ಕು ಸಂಗತಿ ಇರುತ್ತವೆ: ಯಾವ ಹುದ್ದೆ, ಯಾವ ಸುತ್ತು, ನಿಜಕ್ಕೂ ಏನಾಯಿತು, ಕೊನೆಗೆ ಫಲಿತಾಂಶ ಏನು. ನಮ್ಮ ಯುವತಿಯ ಮೊದಲ ಕರಡು ಹೀಗಿತ್ತು ಎನ್ನೋಣ:

"ಈ ಒಂದು ತಪ್ಪಿನಿಂದ ನನ್ನ ಕನಸಿನ ಕೆಲಸ ಕೈತಪ್ಪಿತು!"

ಈ ಸಾಲಿನಲ್ಲಿ ಮೂರು ತೊಂದರೆಗಳಿವೆ. ಯಾವ ಕೆಲಸ ಎಂದಿಲ್ಲ. ತಪ್ಪು ಯಾವುದೆಂದು ಮುಚ್ಚಿಟ್ಟು ಕುತೂಹಲ ಕೆರಳಿಸುತ್ತದೆ. ಎಲ್ಲಕ್ಕಿಂತ ದೊಡ್ಡದು, ಅವಳಿಗೇ ಗೊತ್ತಿಲ್ಲದ್ದನ್ನು ಗೊತ್ತಿದ್ದಂತೆ ಹೇಳುತ್ತದೆ. ಆಯ್ಕೆಯಾಗದ ಕಾರಣವನ್ನು ಕಂಪನಿಗಳು ಬಹುಪಾಲು ತಿಳಿಸುವುದಿಲ್ಲ. ಹುದ್ದೆಯೇ ರದ್ದಾಗಿರಬಹುದು, ಒಳಗಿನವರೊಬ್ಬರಿಗೆ ಸಿಕ್ಕಿರಬಹುದು, ಇನ್ನೊಬ್ಬರ ಅನುಭವ ಹೆಚ್ಚಿದ್ದಿರಬಹುದು. ತಪ್ಪಾದದ್ದು ನಿಜ, ಆಯ್ಕೆಯಾಗದ್ದೂ ನಿಜ. ಮೊದಲನೆಯದರಿಂದ ಎರಡನೆಯದು ಆಯಿತು ಎಂಬುದು ಊಹೆ. ನೇಮಕಾತಿ ಮಾಡಿ ಪಳಗಿದವರು ಈ ಊಹೆಯನ್ನು ಮೊದಲ ನೋಟದಲ್ಲೇ ಗುರುತಿಸುತ್ತಾರೆ. ಡೇಟಾ ಅನಲಿಸ್ಟ್ ಆಗಬಯಸುವವಳು ಕಾರಣ ಮತ್ತು ಕಾಕತಾಳೀಯವನ್ನು ಬೆರೆಸಿದರೆ ಅದೇ ಅವಳ ವಿರುದ್ಧ ಸಾಕ್ಷಿಯಾಗುತ್ತದೆ. ಕೆಲಸ ಸಿಕ್ಕಿದವರಿಗೂ ಇದೇ ಮಾತು. "ಈ ಉತ್ತರದಿಂದ ಕೆಲಸ ಸಿಕ್ಕಿತು" ಎಂದು ಹೇಳಬಹುದಾದದ್ದು ಅವರೇ ಹಾಗೆಂದು ತಿಳಿಸಿದ್ದರೆ ಮಾತ್ರ.

ತಿದ್ದಿದ ಮೇಲೆ:

"ಆರ್ಡರ್ ಮಾಡದ ಗ್ರಾಹಕರನ್ನು ನನ್ನ ಎಸ್‌ಕ್ಯುಎಲ್ ಕ್ವೆರಿ ಕೈಬಿಟ್ಟಿತು. ಕಾರಣ: ಷರತ್ತು `WHERE`ನಲ್ಲಿತ್ತು, `ON`ನಲ್ಲಿರಬೇಕಿತ್ತು."

ಅದರ ಕೆಳಗೆ ಸಣ್ಣ ಅಕ್ಷರದಲ್ಲಿ: "ಡೇಟಾ ಅನಲಿಸ್ಟ್, ಹೊಸಬರ ಹುದ್ದೆ, ಎರಡನೇ ಸುತ್ತು. ಆಯ್ಕೆಯಾಗಲಿಲ್ಲ, ಕಾರಣ ತಿಳಿಸಿಲ್ಲ."

ಉತ್ತರವನ್ನು ಮೊದಲ ಪುಟದಲ್ಲೇ ಬಿಟ್ಟುಕೊಟ್ಟರೆ ಯಾರು ಮುಂದೆ ಓದುತ್ತಾರೆ ಎಂಬ ಅಳುಕು ಸಹಜ. ಎಸ್‌ಕ್ಯುಎಲ್ ಗೊತ್ತಿಲ್ಲದವರು ಬಿಟ್ಟುಹೋಗುತ್ತಾರೆ, ಹೋಗಲಿ. ಗೊತ್ತಿರುವವರಿಗೆ "ಹೌದೇ, ಹಾಗಾದರೆ ನನ್ನ ಕ್ವೆರಿಗಳ ಗತಿ ಏನು?" ಎಂಬ ಪ್ರಶ್ನೆ ಏಳುತ್ತದೆ. ಅವರೇ ನಿಮಗೆ ಬೇಕಾದ ಓದುಗರು, ಅವರಲ್ಲೊಬ್ಬರು ನಾಳೆ ನಿಮ್ಮನ್ನು ಸಂದರ್ಶನಕ್ಕೆ ಕರೆಯಬಹುದು. "ಕಾರಣ ತಿಳಿಸಿಲ್ಲ" ಎಂಬ ಎರಡು ಪದಗಳನ್ನು ಜಾಗ ಸಾಲದೆಂದು ಕತ್ತರಿಸಬೇಡಿ. ಆ ಪುಟದ ಉಳಿದ ಮಾತುಗಳನ್ನು ನಂಬಬಹುದು ಎಂಬ ಭರವಸೆ ಬರುವುದು ಅವುಗಳಿಂದ.

ಮೊದಲ ಪುಟ ಓದಿ ಇಷ್ಟವಾದವರು ಮುಂದೆ ಮಾಡುವ ಕೆಲಸ ನಿಮ್ಮ ಪ್ರೊಫೈಲ್ ತೆರೆಯುವುದು. ಅಲ್ಲಿ ಹೆಸರಿನ ಕೆಳಗಿನ ಸಾಲಿನಲ್ಲಿ "ಡೇಟಾ ತಜ್ಞೆ" ಎಂದಿದ್ದು, ಕ್ಯಾರೊಸೆಲ್‌ನಲ್ಲಿ "ಹೊಸಬರ ಹುದ್ದೆ" ಎಂದಿದ್ದರೆ ಎರಡೂ ತಾಳೆಯಾಗುವುದಿಲ್ಲ. "ಲೆಕ್ಕಪತ್ರದಲ್ಲಿ ಎರಡು ವರ್ಷ, ಎಸ್‌ಕ್ಯುಎಲ್, ಎಕ್ಸೆಲ್, ಡೇಟಾ ಅನಲಿಸ್ಟ್ ಹುದ್ದೆಯ ಹುಡುಕಾಟದಲ್ಲಿ" ಎಂಬಷ್ಟು ಸಾಕು. ಪೋಸ್ಟ್ ಹಾಕುವ ಮೊದಲೇ ಇದನ್ನು ಸರಿಪಡಿಸಿಕೊಳ್ಳಿ.

ಈಗಾಗಲೇ ಕೆಲಸದಲ್ಲಿದ್ದು ಬೇರೆಡೆ ಹುಡುಕುತ್ತಿರುವವರು ಇನ್ನೊಂದು ಯೋಚನೆ ಮಾಡಬೇಕು. `Open to work` ಸೂಚನೆಯನ್ನು ಎಲ್ಲರಿಗೂ ಕಾಣುವಂತೆಯೂ ಇಡಬಹುದು, ನೇಮಕಾತಿದಾರರಿಗೆ ಮಾತ್ರ ಕಾಣುವಂತೆಯೂ ಇಡಬಹುದು. ಆದರೆ "ಮೊನ್ನೆ ಸಂದರ್ಶನಕ್ಕೆ ಹೋಗಿದ್ದೆ" ಎಂದು ಸಾರ್ವಜನಿಕವಾಗಿ ಕ್ಯಾರೊಸೆಲ್ ಹಾಕಿದ ಮೇಲೆ ಆ ಗುಟ್ಟಿಗೆ ಅರ್ಥವಿಲ್ಲ, ಅದು ನಿಮ್ಮ ಮ್ಯಾನೇಜರ್ ಕಣ್ಣಿಗೂ ಬೀಳುತ್ತದೆ. ಅಂಥವರು ಸಂದರ್ಶನದ ಪ್ರಸ್ತಾಪ ಬಿಟ್ಟು, ಕ್ವೆರಿಯ ಪಾಠವನ್ನಷ್ಟೇ ಹಾಕುವುದು ಕ್ಷೇಮ. ಹಾಗೆಯೇ ಸುತ್ತುಗಳು ಇನ್ನೂ ನಡೆಯುತ್ತಿರುವಾಗ ಯಾರೂ ಬರೆಯಬಾರದು. ಫಲಿತಾಂಶ ಕೈಗೆ ಬಂದ ಮೇಲೆ ಬರೆಯಿರಿ.

ಪುಟದ ಅಳತೆ ಮತ್ತು ಅಕ್ಷರ

ಲಿಂಕ್ಡ್‌ಇನ್‌ನಲ್ಲಿ ನಾವು ಕ್ಯಾರೊಸೆಲ್ ಎನ್ನುವುದು ವಾಸ್ತವವಾಗಿ ಒಂದು ದಾಖಲೆ. ಹಲವು ಪುಟಗಳ ಪಿಡಿಎಫ್ ಏರಿಸಿದರೆ ಅದು ಒಂದೊಂದೇ ಪುಟವಾಗಿ ಸರಿಯುವಂತೆ ಕಾಣುತ್ತದೆ. ವರ್ಡ್, ಪವರ್‌ಪಾಯಿಂಟ್ ಕಡತಗಳನ್ನೂ ಅದು ಸ್ವೀಕರಿಸುತ್ತದೆ, ಆದರೆ ಅಕ್ಷರ ಮತ್ತು ಜೋಡಣೆ ಅಲ್ಲಿ ಕದಲಬಹುದು. ಪಿಡಿಎಫ್ ಮಾಡಿಯೇ ಏರಿಸಿ.

ಪುಟದ ಅಳತೆ 1080 ಅಗಲ, 1350 ಎತ್ತರ ಪಿಕ್ಸೆಲ್ ಇರಲಿ. ಕ್ಯಾನ್ವಾದಲ್ಲಿ ಹೊಸ ವಿನ್ಯಾಸ ತೆರೆಯುವಾಗ ಈ ಸಂಖ್ಯೆಗಳನ್ನೇ ಕೊಡಬಹುದು. ಚೌಕಕ್ಕಿಂತ ಉದ್ದನೆಯ ಪುಟ ಮೊಬೈಲ್ ಪರದೆಯಲ್ಲಿ ಹೆಚ್ಚು ಜಾಗ ಹಿಡಿಯುತ್ತದೆ. ಮೊಬೈಲ್‌ನಲ್ಲಿ ಈ ಪುಟ ಸುಮಾರು ಮೂರನೇ ಒಂದು ಭಾಗಕ್ಕೆ ಕುಗ್ಗಿ ಕಾಣುತ್ತದೆ. ಅಂದರೆ ನೀವು 30ರ ಗಾತ್ರದಲ್ಲಿ ಬರೆದದ್ದು ಓದುಗರಿಗೆ 10ರಂತೆ ಕಂಡು ಕಣ್ಣು ಕಿರಿದು ಮಾಡಬೇಕಾಗುತ್ತದೆ. ಒಳಪುಟದ ಬರಹ 44ಕ್ಕಿಂತ ಕಡಿಮೆ ಬೇಡ. ಕೋಡ್‌ಗೆ 40 ಸಾಕು. ಎರಡೂ ಬದಿಗೆ 80 ಪಿಕ್ಸೆಲ್ ಅಂಚು ಬಿಟ್ಟರೆ ಒಂದು ಸಾಲಿನಲ್ಲಿ ಕೋಡ್‌ನ ಸುಮಾರು 38 ಅಕ್ಷರ ಹಿಡಿಯುತ್ತವೆ. ಮೇಲಿನ ಕ್ವೆರಿಯಲ್ಲಿ `ON` ಅನ್ನು ಹೊಸ ಸಾಲಿಗೆ ಇಳಿಸಿದ್ದು ಅದಕ್ಕಾಗಿಯೇ.

ಕನ್ನಡದಲ್ಲಿ ಮಾಡುವವರಿಗೆ ಒಂದು ಪ್ರತ್ಯೇಕ ಎಚ್ಚರಿಕೆ. ಒತ್ತಕ್ಷರಗಳು ಸಾಲಿನಿಂದ ಕೆಳಗಿಳಿಯುವುದರಿಂದ, ಇಂಗ್ಲಿಷ್‌ಗೆ ಸರಿಯಾಗುವ ಸಾಲಿನ ಅಂತರ ಕನ್ನಡಕ್ಕೆ ಸಾಲದು. ಅಕ್ಷರ ಗಾತ್ರದ ಒಂದೂವರೆ ಪಟ್ಟು ಅಂತರ ಕೊಡಿ, ಇಲ್ಲದಿದ್ದರೆ ಒಂದು ಸಾಲಿನ ಒತ್ತು ಮುಂದಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ. ನೋಟೊ ಸ್ಯಾನ್ಸ್ ಕನ್ನಡದಂತಹ ಯೂನಿಕೋಡ್ ಫಾಂಟ್ ಬಳಸಿ. ಹಳೆಯ ಯೂನಿಕೋಡ್ ಅಲ್ಲದ ಫಾಂಟ್‌ಗಳಲ್ಲಿ ಮಾಡಿದ ಪಿಡಿಎಫ್ ನೋಡಲು ಸರಿಯಾಗಿದ್ದರೂ, ನಕಲಿಸಿದರೆ ಅರ್ಥವಿಲ್ಲದ ಚಿಹ್ನೆಗಳು ಬರುತ್ತವೆ. ಪಿಡಿಎಫ್ ಮಾಡಿದ ಮೇಲೆ ಮೊಬೈಲ್‌ಗೆ ಕಳುಹಿಸಿಕೊಂಡು "ಷರತ್ತು", "ದಿನಾಂಕ", "ಆಯ್ಕೆ" ಇಂತಹ ಪದಗಳ ಒತ್ತು ಮತ್ತು ಅನುಸ್ವಾರ ತಮ್ಮ ಜಾಗದಲ್ಲಿವೆಯೇ ನೋಡಿ. ಕೆಲವು ವಿನ್ಯಾಸ ತಂತ್ರಾಂಶಗಳು ಒತ್ತನ್ನು ಬಿಡಿಸಿ ಪಕ್ಕದಲ್ಲಿ ಇಟ್ಟುಬಿಡುತ್ತವೆ.

ಪ್ರಕಟಿಸುವುದು

ಕಂಪ್ಯೂಟರ್‌ನಲ್ಲಿ ಲಿಂಕ್ಡ್‌ಇನ್ ತೆರೆದು `Start a post` ಒತ್ತಿ. ಕೆಳಗಿನ ಅಧಿಕ ಚಿಹ್ನೆಯನ್ನು ಒತ್ತಿದಾಗ ಬರುವ ಆಯ್ಕೆಗಳಲ್ಲಿ `Add a document` ಇರುತ್ತದೆ. ಪಿಡಿಎಫ್ ಆರಿಸಿದ ಮೇಲೆ ದಾಖಲೆಗೆ ಶೀರ್ಷಿಕೆ ಕೇಳುತ್ತದೆ. ಇದು ಪುಟಗಳ ಜೊತೆಯಲ್ಲೇ ಕಾಣುವುದರಿಂದ ಕಡತದ ಹೆಸರನ್ನು ಅಂಟಿಸದೆ, ವಿಷಯವನ್ನೇ ಚಿಕ್ಕದಾಗಿ ಬರೆಯಿರಿ: "ಲೆಫ್ಟ್ ಜಾಯಿನ್‌ನಲ್ಲಿ ಸಾಲು ಕಳೆದುಹೋಗುವುದು ಏಕೆ".

ಪೋಸ್ಟ್‌ನ ಬರಹಕ್ಕೆ 3000 ಅಕ್ಷರಗಳ ಮಿತಿಯಿದೆ. ಆದರೆ ಓದುಗರಿಗೆ ಮೊದಲಿಗೆ ಕಾಣುವುದು ಎರಡು ಮೂರು ಸಾಲು, ಉಳಿದದ್ದು `more` ಹಿಂದೆ ಅಡಗುತ್ತದೆ. ಆ ಸಾಲುಗಳಲ್ಲಿ ಮೊದಲ ಪುಟದ ಮಾತನ್ನೇ ಮತ್ತೆ ಹೇಳಿದರೆ ಜಾಗ ವ್ಯರ್ಥ. ಪುಟಗಳಲ್ಲಿ ಇಲ್ಲದ್ದನ್ನು ಹೇಳಿ: ಸಂದರ್ಶಕರು ಕೇಳಿದ ಆ ಮರುಪ್ರಶ್ನೆ ಮೊದಲು ಬರಲಿ. ಪುಟಗಳು ಕನ್ನಡದಲ್ಲಿದ್ದರೆ, ಕನ್ನಡ ಓದಲಾರದ ನೇಮಕಾತಿದಾರರಿಗಾಗಿ ಕೊನೆಯಲ್ಲಿ ಎರಡು ಸಾಲು ಇಂಗ್ಲಿಷ್ ಸಾರಾಂಶ ಸೇರಿಸಿ. ಬೆಂಗಳೂರಿನ ಐಟಿ ಕಂಪನಿಗಳಲ್ಲಿ ಕೆಲಸ ಹುಡುಕುವವರಿಗೆ ಇದು ಬೇಕೇ ಬೇಕು.

ಒಮ್ಮೆ ಪ್ರಕಟಿಸಿದ ಮೇಲೆ ಬರಹವನ್ನು ತಿದ್ದಬಹುದು, ಪಿಡಿಎಫ್ ಬದಲಿಸಲಾಗುವುದಿಲ್ಲ. ಬದಲಿಸಬೇಕೆಂದರೆ ಪೋಸ್ಟ್ ಅಳಿಸಿ ಹೊಸದಾಗಿ ಹಾಕಬೇಕು, ಬಂದಿದ್ದ ಪ್ರತಿಕ್ರಿಯೆಗಳೂ ಹೋಗುತ್ತವೆ. ಆದ್ದರಿಂದ ಪ್ರಕಟಿಸುವ ಮೊದಲು ಕ್ವೆರಿಯನ್ನು ನಿಜವಾದ ಡೇಟಾಬೇಸ್‌ನಲ್ಲಿ ಓಡಿಸಿ, ನಾಲ್ಕು ಗ್ರಾಹಕರ ಪಟ್ಟಿ ಹೇಳಿದಂತೆಯೇ ಬರುತ್ತದೆಯೇ ನೋಡಿ. ಜೊತೆಗೆ ಆ ಕೆಲಸ ಬಲ್ಲ ಒಬ್ಬರಿಗೆ ಪಿಡಿಎಫ್ ಕಳುಹಿಸಿ, ಮೊದಲ ಪುಟ ಓದಿ "ಇದರಲ್ಲಿ ಯಾವ ಮಾತನ್ನು ನಂಬುವುದಿಲ್ಲ?" ಎಂದು ಕೇಳಿ. "ಹೇಗಿದೆ?" ಎಂದು ಕೇಳಿದರೆ "ಚೆನ್ನಾಗಿದೆ" ಎಂಬ ಉತ್ತರವಷ್ಟೇ ಬರುತ್ತದೆ.

ಪ್ರತಿಕ್ರಿಯೆಗಳಿಗೆ ಉತ್ತರ

ಇಂಥ ಪೋಸ್ಟ್‌ಗೆ ತಿದ್ದುಪಡಿಗಳು ಬರುತ್ತವೆ, ಬರಬೇಕು ಕೂಡ. ಈ ಉದಾಹರಣೆಗೆ ಬರಬಹುದಾದ ಮಾತು ಇದು: "ಅಷ್ಟೆಲ್ಲ ಬೇಡ ತಂಗಿ, `WHERE`ನಲ್ಲೇ `OR o.order_date IS NULL` ಸೇರಿಸಿದರೆ ಆಯಿತು." ಕೇಳಲು ಸರಿಯೆನಿಸುತ್ತದೆ. ಧನ್ಯವಾದ ಹೇಳಿ ಮುಗಿಸುವ ಬದಲು ಅದೇ ನಾಲ್ವರು ಗ್ರಾಹಕರ ಮೇಲೆ ಓಡಿಸಿ ನೋಡಬೇಕು. ಎಂದೂ ಆರ್ಡರ್ ಮಾಡದ ಈ ಎಂಬಾತ ಮರಳಿ ಬರುತ್ತಾನೆ. ಆದರೆ 2023ರಲ್ಲಿ ಮಾತ್ರ ಆರ್ಡರ್ ಮಾಡಿದ ಇ ಬರುವುದಿಲ್ಲ, ಏಕೆಂದರೆ ಅವನ ದಿನಾಂಕ `NULL` ಅಲ್ಲ, 2024ರ ನಂತರದ್ದೂ ಅಲ್ಲ. ನಾಲ್ಕರ ಬದಲು ಮೂರು ಸಾಲು. "ಸರ್, ನಾಲ್ಕನೇ ಪುಟದ ಪಟ್ಟಿಯ ಮೇಲೆ ಓಡಿಸಿದೆ, ಇ ಬಿಟ್ಟುಹೋಗುತ್ತಾನೆ" ಎಂದು ಫಲಿತಾಂಶವನ್ನೂ ಬರೆದು ಉತ್ತರಿಸಿ. ತಾಂತ್ರಿಕ ಸುತ್ತಿನಲ್ಲಿ ಕೇಳುವುದೂ ಇದನ್ನೇ. ನೇಮಕಾತಿ ಮಾಡುವವರೊಬ್ಬರು ಆ ಸಂವಾದವನ್ನು ಓದುತ್ತಿರಬಹುದು.

ಅವರ ಮಾತೇ ಸರಿಯಾಗಿದ್ದರೆ ಪೋಸ್ಟ್‌ನ ಬರಹದ ಮೊದಲ ಸಾಲಿಗೇ "ತಿದ್ದುಪಡಿ: ಆರನೇ ಪುಟದಲ್ಲಿ ಹೀಗಿರಬೇಕು" ಎಂದು ಸೇರಿಸಿ, ತಿದ್ದಿದವರ ಪ್ರತಿಕ್ರಿಯೆಗೆ ಹಾಗೆಂದು ತಿಳಿಸಿ. ತಪ್ಪು ಮೊದಲ ಪುಟದಲ್ಲೇ ಇದ್ದರೆ ಮಾತ್ರ ಪೋಸ್ಟ್ ಅಳಿಸಿ ಹೊಸ ಪಿಡಿಎಫ್ ಹಾಕಿ. ಬಹಳ ಜನ ಓದುವುದು ಆ ಒಂದು ಪುಟವನ್ನೇ, ಅವರು ತಿದ್ದುಪಡಿಯವರೆಗೆ ಬರುವುದಿಲ್ಲ.